ಗ್ರಿಲ್ಲಿನಲ್ಲೊಂದು ಬಾಗಿಲು

ನಮ್ಮ ಫ್ಲ್ಯಾಟಿನ ಬಾಗಿಲು ಹಗಲು ಹೊತ್ತು ಮುಚ್ಚುವುದಿಲ್ಲ. ಇದನ್ನು ನೋಡಿ ಗಡಿಯೂರು ಉಮರ್ಗಾದ ಅರ್ಧ ಬಜಾರಕ್ಕೆ ನಮ್ಮ ಮೇಲೆ ಅನುಮಾನ. ಎದುರು ಫ್ಲ್ಯಾಟಿನ ಮರಾಠಿಯಾಕೆ, ನಾವೆಲ್ಲ ಕಾಕು ಅನ್ನುವವಳು, ತನ್ನ ಮನೆಗೆ ಯಾರು ಬಂದರು, ಕೈಯಲ್ಲಿ ಏನು ತಂದರು ಅಂತ ನೋಡಲಿಕ್ಕೇ ನಾನು ಬಾಗಿಲು ತೆರೆದಿಡುತ್ತೇನೆ ಅಂದುಕೊಂಡಿದ್ದಾಳೆ. ಹಾಗೇನಿಲ್ಲ. ಆಕೆಯ ಮನೆಗೆ ಬರುವವರಲ್ಲಿ ನೋಡುವಂಥವರು ಯಾರೂ ಇಲ್ಲ.

ಕಾರಣ ನಮ್ಮತ್ತೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದು, ಖಾರ ಕುಟ್ಟುವ ಗುಂಡುಕಲ್ಲನ್ನು ಹೊಸ್ತಿಲ ಹತ್ತಿರ ಉರುಳಿಸಿ ಇಡುತ್ತಾರೆ. ರಾತ್ರಿ ಮಲಗುವಾಗ ನನ್ನ ಗಂಡ ಆ ಕಲ್ಲು ಸರಿಸಿ ಚಿಲಕ ಹಾಕಿದರೆ, ಆ ಚಿಲಕದ ಸಪ್ಪಳಕ್ಕೆ ಅವರ ಮುಖ ಪ್ರತಿ ರಾತ್ರಿ ಒಂದೇ ಥರ ಗಂಟಾಗುತ್ತದೆ. ತೊಂಬತ್ತಮೂರರ ಭೂಕಂಪದ ರಾತ್ರಿ ಅವರು ತವರಿನಲ್ಲಿದ್ದರು, ಸಾಸ್ತೂರಿನ ಕಡೆಯ ಹಳ್ಳಿ. ಸೆಕೆ ಅಂತ ಅವರು ಅಂಗಳದಲ್ಲಿ ಮಲಗಿದ್ದರು, ಅವರ ಅಕ್ಕ ಒಳಗೆ. ಕಲ್ಲಿನ ಗೋಡೆ ಕುಸಿದು ಬಾಗಿಲ ಚೌಕಟ್ಟನ್ನು ಹಿಚುಕಿಬಿಟ್ಟಿತು. ಬಾಗಿಲು ಸಿಕ್ಕಿಕೊಂಡಿತು. ಹೊರಗಿನಿಂದ ಇವರು ಎಳೆಯುತ್ತಿದ್ದಾರೆ, ಒಳಗಿನಿಂದ ಅಕ್ಕ ಬಡಿಯುತ್ತಿದ್ದಾಳೆ. ಆಮೇಲೆ ಮೇಲಿನ ಮಾಳಿಗೆಯೂ ಇಳಿಯಿತು, ಬಡಿಯುವುದು ನಿಂತಿತು. ಇದನ್ನು ಅವರು ನನ್ನ ಮದುವೆಯಾದ ಹೊಸದರಲ್ಲಿ ಒಂದೇ ಸಲ ಹೇಳಿದ್ದು. ಅಂದಿನಿಂದ ಕಲ್ಲಿನ ಬಗ್ಗೆ ನಾನು ಯಾರ ಹತ್ತಿರವೂ ದೂರು ಹೇಳಿಲ್ಲ.

ಆದರೆ ಫ್ಲ್ಯಾಟು ಅಂದರೆ ಹಳ್ಳಿಯ ಮನೆಯಲ್ಲ. ನೆಲಮಟ್ಟದಲ್ಲಿ ಅಂಗಡಿಗಳು, ಮೇಲೆ ಎರಡು ಮಹಡಿ, ಮಹಡಿಗೆ ಎರಡು ಮನೆ. ಮೆಟ್ಟಿಲು ಒಂದೇ. ಆ ಮೆಟ್ಟಿಲ ಕೆಳಗೇ ಎಲ್ಲರ ಕರೆಂಟು ಮೀಟರು, ಮೊಬೈಲ್ ಅಂಗಡಿಯವನ ಖಾಲಿ ರಟ್ಟಿನ ಡಬ್ಬಿಗಳು, ಕಾಕುವಿನ ಮಗ ರಾತ್ರಿ ಹಗಲೂ ಚಾರ್ಜಿಗೆ ಹಾಕಿಡುವ ಬ್ಯಾಟರಿ ಸ್ಕೂಟರು. ಇನ್ನು ಕಿಟಕಿಗಳು. ನನ್ನ ಗಂಡ ಕಾಳಿನ ಅಡತ್, ಅಂದರೆ ದಲ್ಲಾಳಿ ಅಂಗಡಿಯವರು. ಕಾಳು ಕಾಯ್ದವರಿಗೆ ಜಗತ್ತೆಲ್ಲ ಕಳ್ಳರೇ. ಹೊಗೆ ಹೋಗಲಿಕ್ಕೆ ಇಟ್ಟ ಚಿಕ್ಕ ಕಿಂಡಿಗೂ ಅವರು ಗ್ರಿಲ್ ಬಡಿಸಿದ್ದರು.

ಒಂದು ದಿನ ಮುರುಮ್ ಊರಿನಿಂದ ನಾದಿನಿಯ ಫೋನು. ಅವರ ಕಟ್ಟಡದಲ್ಲಿ ಮೀಟರ್ ಪೆಟ್ಟಿಗೆ ಸುಟ್ಟು ಮೆಟ್ಟಿಲ ತುಂಬ ಹೊಗೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಹೊಗೆ ತಗ್ಗುವವರೆಗೆ ಗಂಡ ಹೆಂಡತಿ ಮಕ್ಕಳು ಬಾಲ್ಕನಿಯ ಗ್ರಿಲ್ ಹಿಡಿದು ನಿಂತಿದ್ದರಂತೆ, ಕೆಳಗೆ ಜನ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರಂತೆ. ಫೋನಿಟ್ಟು ನಾನು ನಮ್ಮ ಮನೆಯ ಕಿಟಕಿ ಒಂದೊಂದೇ ನೋಡುತ್ತ ಬಂದೆ. ಇಲಿಯೂ ಹೊರಗೆ ಹೋಗುವಂತಿರಲಿಲ್ಲ.

ಭಾನುವಾರ ಊಟವಾದ ಮೇಲೆ ಎಲ್ಲರನ್ನೂ ಕೂಡಿಸಿ ಹೇಳಿದೆ: ಈ ಮನೆಯಿಂದ ಹೊರಗೆ ಬೀಳಲಿಕ್ಕೆ ಎರಡು ದಾರಿ ಬೇಕು. ಒಂದು ಮೆಟ್ಟಿಲು. ಇನ್ನೊಂದು ಮಾಡಿಕೊಳ್ಳಬೇಕು.

"ಯಾರು ತಲಿ ಕೆಡಿಸ್ಯಾರ ನಿಂದು?" ಅಂದರು ಗಂಡ.

"ನಿಮ್ಮ ತಂಗಿ."

"ಆಕಿ ಮಾತ್ ಬಿಡು. ಆಕಿ ಮನ್ಯಾಗ ಕುಕ್ಕರ್ ಸಿಟಿ ಹೊಡದ್ರೂ ಊರಿಗೆ ಫೋನ್ ಮಾಡ್ತಾಳ."

ಎರಡನೆಯ ದಾರಿ ನನ್ನ ಕಣ್ಣಿಗೆ ಆಗಲೇ ಬಿದ್ದಿತ್ತು. ಅತ್ತೆಯ ಕೋಣೆಯ ಕಿಟಕಿ ಹಿಂಭಾಗಕ್ಕಿದೆ. ಅದರ ಕೆಳಗೆ ಹಿಂದಿನ ಗಲ್ಲಿಯ ವ್ಯಾಪಾರಿ ಶೇಠನ ಗೋದಾಮಿನ ಸ್ಲ್ಯಾಬು. ನಮ್ಮದು ಮೊದಲ ಮಹಡಿ, ಹಾಗಾಗಿ ಕಿಟಕಿಯಿಂದ ಸ್ಲ್ಯಾಬಿಗೆ ಸೊಂಟದಷ್ಟೇ ಆಳ. ಒಳಗೊಂದು ಸ್ಟೂಲು, ಹೊರಗೊಂದು ಸಿಮೆಂಟ್ ಇಟ್ಟಿಗೆ ಇಟ್ಟರೆ ಮೊಣಕಾಲು ನೋವಿನ ಅತ್ತೆಯೂ ಇಳಿಯಬಹುದು. ಗ್ರಿಲ್ಲಿನಲ್ಲಿ ಒಂದು ಬಾಗಿಲು ಕತ್ತರಿಸಬೇಕು, ಅಷ್ಟೇ.

"ಗಚ್ಚಿಗೆ ಹೋಗಬಾರದೇನು?" ಎಂದಳು ಕಾಲೇಜಿಗೆ ಹೋಗುವ ಮಗಳು.

ಗಚ್ಚಿ ಅಂದರೆ ತಾರಸಿ, ಅದರ ಬಾಗಿಲಿಗೆ ಮೇಲಿನ ಮನೆಯವರು ಕೀಲಿ ಜಡಿದಿದ್ದಾರೆ. ತಮ್ಮ ನೀರಿನ ಟಾಕಿಯಲ್ಲಿ ನಾವು ಪಾಲು ಕದಿಯುತ್ತೇವೆ ಅಂತ ಅವರ ಅನುಮಾನ. ಅದಲ್ಲದೆ ಹೊಗೆ ಏರುವುದೂ ಮೇಲಕ್ಕೇ. ಮೆಟ್ಟಿಲಲ್ಲಿ ಹೊಗೆ ಇದ್ದರೆ ಅದರ ಜೊತೆಗೇ ಮೇಲೆ ಹೋದಂತೆ.

ಗ್ರಿಲ್ ಕತ್ತರಿಸುವ ಮಾತು ಬಂದದ್ದೇ ತಡ, ನಾನು ಕಳ್ಳರ ಜೊತೆ ಸಂಬಂಧ ಬೆಳೆಸಿದೆನೋ ಅನ್ನುವ ಹಾಗೆ ಗಂಡ ನನ್ನ ಕಡೆ ನೋಡಿದರು. ಶೇಠನದು ಇನ್ನೊಂದು ಥರ. ಸ್ಲ್ಯಾಬಿನ ಮೇಲೆ ಇಳಿಯಲು ಒಪ್ಪಿಗೆ ಕೇಳಲು ಹೋದರೆ, ತೂಕದ ಕಾಟಾದ ಪಕ್ಕ ಕೂತವನು ತಲೆ ಎತ್ತಲಿಲ್ಲ.

"ಆಜ್ ಆಗ್, ಉದ್ಯಾ ಪಾಪಡ್," ಅಂದ ಮರಾಠಿಯಲ್ಲಿ. ಇವತ್ತು ಬೆಂಕಿ ಅಂತೀರಿ, ನಾಳೆ ಹಪ್ಪಳ ಒಣಗಿಸ್ತೀರಿ, ನಾಡಿದ್ದು ಸ್ಲ್ಯಾಬು ನಮ್ಮದೇ ಅಂತೀರಿ ಅಂತ ಅದರ ಅರ್ಥ. ಹಪ್ಪಳವಿಲ್ಲ, ಸಂಡಿಗೆಯಿಲ್ಲ, ಒಂದು ಕರ್ಚೀಫೂ ಒಣಹಾಕುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಹೂಂ ಅಂದ. ಆದರೆ ಆ ಸಂಜೆಯೇ ಸ್ಲ್ಯಾಬಿನಿಂದ ಹಿಂದಿನ ಗಲ್ಲಿಗೆ ಇಳಿಯುವ ಕಬ್ಬಿಣದ ಏಣಿಯನ್ನು ತೆಗೆದು ಗೋದಾಮಿನೊಳಗೆ ಇಟ್ಟ. ಇರಲಿ ಅಂದುಕೊಂಡೆ. ಅತ್ತೆ ಹೇಗೂ ಏಣಿ ಇಳಿಯುವವರಲ್ಲ. ಸ್ಲ್ಯಾಬಿನ ಆ ತುದಿಗೆ, ಕಟ್ಟಡದಿಂದ ದೂರ ಹೋಗಿ ಕೂತು ಯಾರಾದರೂ ಬರುವವರೆಗೆ ಕಾಯುವುದು. ತೆರೆದ ಗಾಳಿಯಲ್ಲಿ ಕಾಯುವುದಕ್ಕೂ ಹೊಗೆಯಲ್ಲಿ ಕಾಯುವುದಕ್ಕೂ ವ್ಯತ್ಯಾಸವಿದೆ.

ಫ್ಯಾಬ್ರಿಕೇಶನ್‌ನವನು ಬಂದು ಗ್ರಿಲ್ಲಿನ ಒಂದು ಭಾಗ ಕತ್ತರಿಸಿ, ಹೊರಕ್ಕೆ ತೆರೆಯುವಂತೆ ಬಿಜಾಗರಿ ಹಾಕಿಕೊಟ್ಟ. ಗಂಡ ಅದಕ್ಕೆ ದೊಡ್ಡ ಕೀಲಿ ಜಡಿದರು. ಕೀಲಿಕೈ ಕಿಟಕಿಯ ಪಕ್ಕದ ಗೋಡೆಯ ಮೊಳೆಗೆ, ಹೊರಗಿನಿಂದ ಕೈ ಹಾಕಿದರೆ ಸಿಗದಷ್ಟು ದೂರದಲ್ಲಿ, ಯಾವಾಗಲೂ ಅಲ್ಲೇ ಇರಬೇಕು ಅಂತ ಒಪ್ಪಂದವಾಯಿತು.

ಮುಂದಿನ ಭಾನುವಾರ ರಿಹರ್ಸಲ್. ಮಗಳು ಎಲ್ಲರನ್ನೂ ಕಣ್ಣು ಮುಚ್ಚಿಸಿ ನೆಲದ ಮೇಲೆ ತೆವಳಿಸಿದಳು. ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ, ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ ಅಂತ ಅವಳಿಗೆ ಕಾಲೇಜಿನಲ್ಲಿ ಹೇಳಿದ್ದರು. ನನ್ನ ಗಂಡ ಹೊಟ್ಟೆ ಹೊತ್ತುಕೊಂಡು ದೇವರ ಕೋಣೆಯ ಕಡೆ ತೆವಳಿದರು.

"ಅಪ್ಪಾ, ಅಲ್ಲಿಗೆ ಯಾಕ ಹೊಂಟೀರಿ? ನೇರ ಲಿಂಗೈಕ್ಯ ಆಗೂ ಪ್ಲ್ಯಾನ್ ಏನು?"

ನಾನು ಗೋಡೆ ಸವರುತ್ತ ಕಿಟಕಿ ಮುಟ್ಟಿ ಮೊಳೆ ಹುಡುಕಿದೆ. ಮೊಳೆ ಇತ್ತು, ಕೀಲಿಕೈ ಇರಲಿಲ್ಲ. ಕಣ್ಣು ತೆರೆದು ಗಂಡನ ಕಡೆ ನೋಡಿದೆ. ಅವರು ಶಿವದಾರ ಹುಡುಕುವವರ ಹಾಗೆ ಅಂಗಿಯೊಳಗೆ ಕೈ ಹಾಕಿ, ಬನಿಯನ್ನಿನ ಜೇಬಿನಿಂದ ಅದನ್ನು ತೆಗೆದರು.

"ಕೆಲಸದಾಕಿ ನೋಡ್ತಾಳ ಅಂತ..." ಅಂದರು.

"ಮೊಂಢಾ ಬಜಾರದಾಗ ನೀವು ತೊಗರಿ ತೂಗ್ಕೋತ ಕೂಡ್ರಿ. ನಾವಿಲ್ಲಿ ಸುಟ್ಕೋತ ಕೂಡ್ತೀವಿ."

ಅಂದಿಗೆ ಕೀಲಿಯ ಕಥೆ ಮುಗಿಯಿತು. ಅದೇ ಫ್ಯಾಬ್ರಿಕೇಶನ್‌ನವನನ್ನು ಕರೆಸಿ ಕೀಲಿ ಕೊಂಡಿ ಕತ್ತರಿಸಿ, ಒಳಗಿನಿಂದ ಸರಿಸುವ ಚಿಲಕ ಹಾಕಿಸಿದೆ. ಹೊರಗಿನವರ ಕೈಗೆ ಸಿಗದಂತೆ ಚಿಲಕದ ಹೊರಮೈಗೆ ತಗಡಿನ ಮರೆ. ಒಳಗಿರುವವರಿಗೆ ಕೈಯೊಂದು ಸಾಕು.

ನಿಜವಾದ ತೊಂದರೆ ಅಲ್ಲಿಂದ ಶುರುವಾಯಿತು.

ಯೋಜನೆಯ ಮುಖ್ಯ ಮಾತು ಇದು: ಮೆಟ್ಟಿಲು ಸ್ವಚ್ಛವಾಗಿದ್ದರೆ ಇಳಿದು ಎದುರಿನ ಔಷಧಿ ಅಂಗಡಿಯ ಹತ್ತಿರ ಎಲ್ಲರೂ ಸೇರುವುದು, ಒಡವೆಗೆ ಕಾಗದಕ್ಕೆ ಅಂತ ಯಾರೂ ಮರಳಿ ಹೋಗಬಾರದು. ಮೆಟ್ಟಿಲಲ್ಲಿ ಹೊಗೆ ಕಂಡರೆ ಅದರೊಳಗೆ ಇಳಿಯಲೇಬಾರದು. ಮುಂಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ಅತ್ತೆಯ ಕೋಣೆಗೆ ಹೋಗಿ ಆ ಬಾಗಿಲನ್ನೂ ಮುಚ್ಚಿ, ಆಮೇಲೆ ಗ್ರಿಲ್ ತೆರೆಯುವುದು. ಬಾಗಿಲು ಮುಚ್ಚದೆ ಕಿಟಕಿ ತೆರೆದರೆ ಮೆಟ್ಟಿಲ ಹೊಗೆಯೆಲ್ಲ ಮನೆಯೊಳಗಿಂದಲೇ ದಾರಿ ಮಾಡಿಕೊಳ್ಳುತ್ತದೆ.

ಬಾಗಿಲು ಮುಚ್ಚುವ ಕೆಲಸ ನಾನು ಇಟ್ಟುಕೊಂಡೆ. ಅತ್ತೆಯ ಕೆಲಸ, ನೇರ ಕಿಟಕಿಗೆ ಹೋಗುವುದು. ನಾನು ಕಲ್ಲು ಸರಿಸಿ ಬಾಗಿಲು ದೂಡಿದೆ. ಅತ್ತೆ ಬಂದು ಹೊಸ್ತಿಲ ಮೇಲೆ ಕಾಲಿಟ್ಟರು.

"ಅತ್ತೀ, ಕಾಲು ತಗೀರಿ."

"ಯಾಕ?"

"ಇದು ಬರೇ ರಿಹರ್ಸಲ್ ರೀ."

"ರಿಹರ್ಸಲ್‌ಗೆ ಬಾಗಿಲಾ ಹಾಕೂದು ಯಾಕ ಬೇಕು? ಹಾಕೇನಿ ಅಂತ ತಿಳ್ಕೋ."

ಮೂರು ಭಾನುವಾರ ಹೀಗೇ. ನಾನು ಬಾಗಿಲಿಗೆ ಕೈ ಹಚ್ಚಿದರೆ ಅವರ ಕಾಲು ಅಲ್ಲಿರುತ್ತಿತ್ತು. ಭೂಕಂಪಕ್ಕೆ ಒಂದು ಬುದ್ಧಿ, ಬೆಂಕಿಗೆ ಇನ್ನೊಂದು ಅಂತ ತಿಳಿಸಿ ಹೇಳಿದೆ. ನಡುಗುವಾಗ ಮೆಟ್ಟಿಲಿಗೆ ಓಡಬಾರದು, ಮಂಚದ ಬದಿಗೋ ಮೇಜಿನ ಕೆಳಗೋ ತಲೆ ಮುಚ್ಚಿ ಕೂತು, ನಿಂತ ಮೇಲೆ ಹೊರಗೆ ಹೋಗಬೇಕು. ಆಗ ಬಾಗಿಲು ತೆರೆದಿದ್ದರೆ ಒಳ್ಳೆಯದೇ. ಹೊಗೆ ಬಂದರೆ ಅದೇ ತೆರೆದ ಬಾಗಿಲು ವೈರಿ. ಅವರು ಕೇಳಿದರು, ಎಲೆಯಡಿಕೆ ಹಾಕಿಕೊಂಡರು, ಎದ್ದು ಹೋದರು.

ಆಮೇಲೆ ಒಂದು ದಿನ ಎದುರು ಕಾಕುವಿನ ಹತ್ತಿರ ಅವರು ಮಾತಾಡುವುದು ಕಿವಿಗೆ ಬಿತ್ತು. ಬಾಗಿಲು ತೆರೆದಿತ್ತಲ್ಲ, ಕದ್ದು ಕೇಳುವ ಕಷ್ಟವೇ ಇರಲಿಲ್ಲ.

"ಭಾಳ ಶಾಣ್ಯಾ ಆಗ್ಯಾಳ ಸೊಸಿ. ಕಿಟಕಿ ನನ್ನ ಕೋಣ್ಯಾಗೇ ಬೇಕಂತ. ಬಾಗಿಲಾ ಆಕೀನೇ ಹಾಕ್ತಾಳಂತ. ನನ್ನ ಒಳಗ ಹಾಕಿ ಹೊರಗಿಂದ ಚಿಲಕ ಜಡದು ಇವ್ರು ಗಂಡ ಹೆಂಡ್ತಿ ಕೆಳಗ ಇಳೀತಾರ."

"ಅಸಂಚ ಅಸತಂಯ," ಅಂದಳು ಕಾಕು, ಹೀಗೇ ಇರುತ್ತದೆ ಅಂತ. ಆಕೆಗೆ ಇಂಥದ್ದು ಹಬ್ಬದೂಟ.

ನನಗೆ ಸಿಟ್ಟು ಬಂತು. ಅಳುವೂ ಬಂತು, ಆದರೆ ಸಿಟ್ಟು ಮೊದಲು. ಇಷ್ಟೆಲ್ಲ ಮಾಡುತ್ತಿರುವುದೇ ಈ ಮುದುಕಿಗಾಗಿ. ನಾವು ಮೂವರು ಹೇಗಾದರೂ ಜಿಗಿದೇವು, ಹಾರೇವು. ಹೊಗೆಯಲ್ಲಿ ಬಾಗಿಲು ಹಿಡಿದು ನಿಲ್ಲುವವರು ಇವರೊಬ್ಬರೇ. ಅವರು ಬಾಗಿಲು ಮುಚ್ಚಲು ಬಿಡದಿದ್ದರೆ ಗ್ರಿಲ್ಲು, ಚಿಲಕ, ಸ್ಟೂಲು ಎಲ್ಲ ಶೋಕಿಯ ಸಾಮಾನು. ಅಂದಿನಿಂದ ನಾನೂ ಅವರನ್ನು ಅನುಮಾನದಿಂದ ನೋಡತೊಡಗಿದೆ. ಮಧ್ಯಾಹ್ನ ಕೋಣೆಯಲ್ಲಿ ಒಬ್ಬರೇ ಇದ್ದಾಗ ಚಿಲಕದ ಕಿರ್ ಸಪ್ಪಳ ಬರುತ್ತಿತ್ತು. ನಾನು ಹೋಗಿ ಹಣಿಕಿ ಹಾಕುವಷ್ಟರಲ್ಲಿ ಮಂಚದ ಮೇಲೆ ಕೂತು ಅಕ್ಕಿ ಆರಿಸುತ್ತಿರುತ್ತಾರೆ. ನನ್ನ ಗ್ರಿಲ್ಲು ಕೆಡಿಸಲು ಏನೋ ಹೂಡುತ್ತಿದ್ದಾರೆ ಅಂತ ನನಗೆ ಖಾತ್ರಿಯಾಗಿತ್ತು. ಸಂಜೆ ಹೋಗಿ ಎಳೆದು ನೋಡುತ್ತಿದ್ದೆ. ಚಿಲಕ ಸಲೀಸಾಗಿಯೇ ಸರಿಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಗಂಡ ಅಡತ್‌ನಲ್ಲಿ, ಮಗಳು ಕಾಲೇಜಿನಲ್ಲಿ. ಹಿಟ್ಟಿನ ಡಬ್ಬಿ ಹೊತ್ತು ತಿರುವಿಗೆ ಬಂದರೆ ನಮ್ಮ ಕಟ್ಟಡದ ಮುಂದೆ ಜನ. ಮೆಟ್ಟಿಲ ಬಾಯಿಂದ ಕಪ್ಪು ಹೊಗೆ. ಬ್ಯಾಟರಿ ಸ್ಕೂಟರಿನ ಚಾರ್ಜರಿಗೆ ಹಾಕಿದ್ದ ಎಕ್ಸ್‌ಟೆನ್ಶನ್ ವಾಯರು ಕಾಯ್ದು, ಖಾಲಿ ಡಬ್ಬಿಗಳಿಗೆ ಹತ್ತಿಕೊಂಡಿತ್ತು. ಮೊಬೈಲ್ ಅಂಗಡಿಯವನು ಮೇನ್ ಬಂದ್ ಮಾಡಿ, ಪಕ್ಕದ ಕಟ್ಟಡ ಕೆಲಸದ ಮರಳನ್ನು ಬುಟ್ಟಿಯಲ್ಲಿ ತಂದು ಸುರಿಯುತ್ತಿದ್ದ. ಔಷಧಿ ಅಂಗಡಿಯವನು ಅಗ್ನಿಶಾಮಕದವರಿಗೆ ಫೋನು ಮಾಡುತ್ತಿದ್ದ. ಕಾಕು ಕೆಳಗೇ ಇದ್ದಳು, ಬಜಾರಿಗೆ ಹೊರಟವಳು. ಮೇಲಿನ ಮನೆಯವರು ಊರಲ್ಲಿರಲಿಲ್ಲ.

ಅತ್ತೆ ಒಬ್ಬರೇ ಮೇಲೆ. ಬಾಗಿಲು ತೆರೆದು, ಕಲ್ಲು ಇಟ್ಟುಕೊಂಡು.

ನಾನು ಡಬ್ಬಿ ಇಟ್ಟು ಮೆಟ್ಟಿಲಿಗೆ ನುಗ್ಗಿದೆ. ಊರಿಗೆಲ್ಲ ಪಾಠ ಹೇಳಿದವಳೇ ನುಗ್ಗಿದೆ. ಕಾಕು ಸೆರಗು ಹಿಡಿದು ಎಳೆದಳು.

"ವೇಡೀ ಆಹೇಸ ಕಾ? ಹುಚ್ಚಿ ಏನು ನೀ?" ಅಂದಳು, ಕನ್ನಡವೂ ಸೇರಿಸಿ. ಆಕೆಗೆ ಕನ್ನಡ ಮಾತಾಡಲಿಕ್ಕೂ ಬರುತ್ತದೆ ಅಂತ ನನಗೆ ಅಂದೇ ಗೊತ್ತಾದದ್ದು.

ಸುತ್ತು ಹೊಡೆದು ಹಿಂದಿನ ಗಲ್ಲಿಗೆ ಓಡಿದೆ. ತಲೆಯಲ್ಲಿ ಒಂದೇ ಚಿತ್ರ: ಅತ್ತೆ ಹೊಸ್ತಿಲ ಮೇಲೆ ಕಾಲಿಟ್ಟು, ಹೊಗೆಗೆ ಎದೆ ಕೊಟ್ಟು ನಿಂತಿರುವುದು. ಗಲ್ಲಿಯಿಂದ ತಲೆ ಎತ್ತಿದರೆ ಗ್ರಿಲ್ಲಿನ ಬಾಗಿಲು ಮುಚ್ಚಿತ್ತು. ಕೂಗಿದೆ. ಉತ್ತರವಿಲ್ಲ. ಶೇಠನೂ ಬಂದ, ಅವನ ಹಿಂದೆ ಅವನ ಹಮಾಲರು. ಮತ್ತೆ ಕೂಗಿದೆ.

ಆಗ ಗ್ರಿಲ್ಲು ಅಲುಗಿತು. ಕಿರ್ ಅಂತ ಅದೇ ಸಪ್ಪಳ. ಬಾಗಿಲು ಹೊರಕ್ಕೆ ತೆರೆಯಿತು. ಮೊದಲು ಒಂದು ಕಾಲು, ಆಮೇಲೆ ಹಿಮ್ಮುಖವಾಗಿ ಅತ್ತೆಯ ಬೆನ್ನು, ಸಿಮೆಂಟ್ ಇಟ್ಟಿಗೆಯನ್ನು ಹುಡುಕುವ ಇನ್ನೊಂದು ಕಾಲು. ಒಂದಿಷ್ಟೂ ಗಡಿಬಿಡಿಯಿಲ್ಲ. ಇಳಿದು, ಕೆಮ್ಮಿ, ಸೆರಗು ಸರಿಮಾಡಿಕೊಂಡು, ಸ್ಲ್ಯಾಬಿನ ಈ ತುದಿಗೆ ಬಂದು ಕೂತರು. ಕೆಳಗೆ ನಿಂತ ನನ್ನನ್ನು ನೋಡಿದರು.

"ನೀ ಅಲ್ಲಿ ಹ್ಯಾಂಗ ಬಂದಿ?"

"ಗಿರಣಿಗೆ ಹೋಗಿದ್ದೆ ರೀ."

"ಬರೋಬರಿ ಇವತ್ತೇ ಗಿರಣಿ ಬೇಕಾಯ್ತೇನು?" ಅಂದರು. "ಖರೇನೇ ಬೆಂಕೀನೋ, ಇಲ್ಲ ನಿನ್ನ ರಿಹರ್ಸಲ್ಲೋ?"

ಖರೇ ಬೆಂಕಿ ಅಂತ ಹಮಾಲರೆಲ್ಲ ಸಾಕ್ಷಿ ಹೇಳಬೇಕಾಯಿತು. ಶೇಠ ಒಳಗಿಟ್ಟಿದ್ದ ಏಣಿಯನ್ನು ತಾನೇ ಹೊರಿಸಿಕೊಂಡು ಬಂದು ಹಚ್ಚಿದ, "ಆಯೀ, ಇಳೀರಿ" ಅಂದ. ಅತ್ತೆ ಕೂತಲ್ಲಿಂದ ಏಳಲಿಲ್ಲ.

"ಇಲ್ಲೇ ಕೂಡಬೇಕಂತ ಪ್ಲ್ಯಾನಿನಾಗ ಅದ. ನಾ ಇಳಿಯಂಗಿಲ್ಲ. ನೀವು ಬೇಕಾರ ಮ್ಯಾಲ ಬರ್ರಿ."

ನಾನು ಹತ್ತಿ ಹೋಗಿ ಪಕ್ಕದಲ್ಲಿ ಕೂತೆ. ಅವರ ಸೀರೆ ಒದ್ದೆಯಾಗಿತ್ತು. ಕೈ ಹಿಡಿಯಲು ಹೋದರೆ ಕೊಡಲಿಲ್ಲ, ಆಮೇಲೆ ತಾವೇ ನನ್ನ ಕೈ ಹಿಡಿದು ಮೊಣಕಾಲಿನ ಮೇಲೆ ಇಟ್ಟುಕೊಂಡರು, ನೋವಿದ್ದ ಕಾಲಿನ ಮೇಲೆ, ತಿಕ್ಕು ಅನ್ನುವ ಹಾಗೆ.

ಬೆಂಕಿ ಆರಿ, ಹೊಗೆ ಹೋಗಿ, ಅಗ್ನಿಶಾಮಕದವರು ಮೇಲೆ ಹೋಗಬಹುದು ಅಂದ ಮೇಲೆ ಎಲ್ಲರೂ ಮೆಟ್ಟಿಲು ಹತ್ತಿದೆವು. ಅಷ್ಟರಲ್ಲಿ ಗಂಡನೂ ಬಂದಿದ್ದರು. ಕೆಳಗೆ ಸ್ಕೂಟರಿನವರು ಡಬ್ಬಿಯವನನ್ನು, ಡಬ್ಬಿಯವನು ಸ್ಕೂಟರಿನವರನ್ನು ಬಯ್ಯುತ್ತಿದ್ದರು. ಇಬ್ಬರೂ ಸೇರಿ, ನಮ್ಮತ್ತೆ ಹಚ್ಚುವ ಊದಿನಕಡ್ಡಿಯ ಮೇಲೆ ತಪ್ಪು ಹಾಕಲಿಕ್ಕೂ ಒಂದು ಕೈ ನೋಡಿದರು.

ನಮ್ಮ ಮುಂಬಾಗಿಲು ಹೊರಗಿನಿಂದ ಪೂರಾ ಕಪ್ಪಾಗಿತ್ತು. ಮುಚ್ಚಿತ್ತು. ಗಂಡ ತಮ್ಮ ಕೀಲಿಕೈಯಿಂದ ತೆಗೆದು ದೂಡಿದರೆ, ಕೆಳಗೆ ಏನೋ ಅಡ್ಡ ಬಂತು: ಸಂದಿಗೆ ತುರುಕಿದ ಒದ್ದೆ ಟವೆಲ್ಲು. ಒಳಗೆ ಹೊಸ್ತಿಲ ಹತ್ತಿರ ಒಂದಿಷ್ಟು ಮಸಿ, ಗಾಳಿಯಲ್ಲಿ ವಾಸನೆ. ಅಷ್ಟೇ. ಹಾಲಿನ ಗೋಡೆ ಬೆಳ್ಳಗಿತ್ತು. ಕೋಣೆಯ ಬಾಗಿಲೂ ಮುಚ್ಚಿತ್ತು, ಅಲ್ಲೂ ಒದ್ದೆ ಬಟ್ಟೆ.

ನಾನು ಗೋಡೆ ನೋಡುತ್ತ ನಿಂತೆ. ಗಂಡ ತಾಯಿಯನ್ನು ಕುರ್ಚಿಯ ಮೇಲೆ ಕೂಡಿಸಿ ನೀರು ಕೊಟ್ಟರು.

"ಅವ್ವಾ, ಬಾಗಿಲಾ ಯಾರು ಹಾಕಿದ್ರು?"

"ನಾನೇ. ಮತ್ಯಾರು, ಹೊಗಿ ಬಂದು ಹಾಕ್ತದೇನು?"

"ಇಷ್ಟು ದಿನ ಹಾಕ್ಲಾಕ ಬಿಟ್ಟಿಲ್ಲಲ್ಲ ನೀ."

ಅತ್ತೆ ನನ್ನ ಕಡೆ ಬೆರಳು ಮಾಡಿದರು. "ಇಷ್ಟು ದಿನ ಈಕಿ ಹಾಕ್ತಿದ್ಳು. ಇನ್ನೊಬ್ರು ಹಾಕಿದ ಬಾಗಿಲಾ ನಮ್ಮ ಕೈಗೆ ಬರ್ತದೋ ಇಲ್ಲೋ ಯಾರಿಗೆ ಗೊತ್ತು. ಇವತ್ತು ಮನ್ಯಾಗ ಯಾರೂ ಇದ್ದಿಲ್ಲ. ನಾನೇ ಹಾಕ್ದ ಮ್ಯಾಗ ನಾನೇ ತಗೀಬೇಕಲ್ಲ."

ಮಧ್ಯಾಹ್ನದ ಆ ಕಿರ್ ಸಪ್ಪಳ ನನಗೆ ಆಗ ಅರ್ಥವಾಯಿತು. ಅವರು ದಿನಾಲೂ ಕೋಣೆಯ ಬಾಗಿಲು ಹಾಕಿಕೊಂಡು, ಗ್ರಿಲ್ಲು ತೆರೆದು, ಮತ್ತೆ ಮುಚ್ಚಿ, ನಾನು ಹೇಳಿದ್ದು ಖರೆಯೋ ಸುಳ್ಳೋ ಅಂತ ಒಬ್ಬರೇ ಪರೀಕ್ಷೆ ಮಾಡುತ್ತಿದ್ದರು. ನನ್ನ ಯೋಜನೆಯಲ್ಲಿ ಬಾಗಿಲಿಗೆ ನನ್ನ ಕೈ ಬರೆದಿದ್ದೇ ತಪ್ಪು ಲೆಕ್ಕ. ಅಕ್ಕನ ಬಾಗಿಲು ಎಳೆದ ಕೈ ಅವರದು. ಈ ಬಾಗಿಲು ಹಾಕುವ ಕೈಯೂ ಅವರದೇ ಆಗಬೇಕಿತ್ತು.

"ಇನ್ನ ಮುಂದ ಬಾಗಿಲಾ ಹಾಕೂದು ನಿಮ್ಮ ಕೆಲಸ ರೀ ಅತ್ತೀ," ಅಂದೆ.

"ಬರೋ ಐತ್ವಾರ ಮಾಡಮು. ನಾ ಬಾಗಿಲಾ ಹಾಕ್ತೀನಿ. ನೀ ಕೋಣ್ಯಾಗ ಹೋಗಿ ಕೂಡು," ಅಂದರು, ನೀರಿನ ಲೋಟ ಕೆಳಗಿಡುತ್ತ.

ಮಾತೇನೋ ಸರಿಯಾಗಿಯೇ ಇತ್ತು. ಆದರೂ ಭಾನುವಾರ ಬೆಳಿಗ್ಗೆ, ಅವರು ಸ್ನಾನಕ್ಕೆ ಹೋದ ಹೊತ್ತು ನೋಡಿ, ನಾನು ಕೋಣೆಗೆ ಹೋಗಿ ಗ್ರಿಲ್ಲಿನ ಚಿಲಕವನ್ನು ಒಂದು ಸಲ ಎಳೆದು ನೋಡಿ ಬಂದೆ.